ಡಬ್ಬದ ಬೆನ್ನಿನ ಲೆಕ್ಕ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗುವ ಕನ್ನಡದ ಅಪ್ಪ-ಅಮ್ಮಂದಿರಿಗೆ ಅಲ್ಲಿನ ಅಡುಗೆಮನೆಯ ಕಪಾಟಿನ ತುಂಬ ಡಬ್ಬಗಳೇ ಎದುರಾಗುತ್ತವೆ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಒಂದು ಟೊಮೆಟೊ ಸೂಪಿನ ಡಬ್ಬ ತೆಗೆಯಬೇಕು ಅನ್ನಿಸುತ್ತದೆ. ಆದರೆ ಮನೆಯವರಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ಡಬ್ಬದ ಹಿಂಬದಿಯ ಕಪ್ಪು ಗೆರೆಯ ಪಟ್ಟಿಯ ಫೋಟೊ ತೆಗೆದು, ಊರಿನಲ್ಲಿ ಸ್ವಲ್ಪ ಓದಿಕೊಂಡಿರುವ ತಂಗಿಯ ಮಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ: ‘ಇದರಲ್ಲಿ ಉಪ್ಪು ಎಷ್ಟಿದೆ, ನಿಮ್ಮ ದೊಡ್ಡಪ್ಪನಿಗೆ ಕೊಡಬಹುದಾ, ಕನ್ನಡದಲ್ಲಿ ಬರೆದು ಕಳಿಸಮ್ಮ.’

ಇಂಥ ಬರವಣಿಗೆ ಇವತ್ತು ಬಹಳ ಮನೆಗಳಲ್ಲಿ ನಡೆಯುತ್ತಿದೆ. ಹದಿನೈದು ಸಾಲಿನ ಪಟ್ಟಿ, ಅದರಲ್ಲಿ ಹತ್ತು ಪದ ಎಲ್ಲರಿಗೂ ಗೊತ್ತಿರುವಂಥವು, ಹಾಗಾಗಿ ಕೆಲಸ ಸುಲಭ ಎನ್ನಿಸುತ್ತದೆ. ಆದರೆ ಈ ಪಟ್ಟಿಯಲ್ಲಿ ಪದಗಳಿಗಿಂತ ಅಂಕಿಗಳು ಹೆಚ್ಚು ಕೆಲಸ ಮಾಡುತ್ತವೆ. ಒಂದೊಂದು ಅಂಕಿಯ ಹಿಂದೆಯೂ ‘ಎಷ್ಟು ತಿಂದರೆ’, ‘ಯಾವ ಅಳತೆಯಲ್ಲಿ’, ‘ಯಾವುದಕ್ಕೆ ಹೋಲಿಸಿದರೆ’ ಎಂಬ ಮೂರು ಪ್ರಶ್ನೆಗಳ ಉತ್ತರ ಅಡಗಿರುತ್ತದೆ. ಅಂಕಿಯನ್ನು ಸರಿಯಾಗಿ ಬರೆದು ಈ ಮೂರರಲ್ಲಿ ಒಂದನ್ನು ಬಿಟ್ಟರೂ ಓದುವವರಿಗೆ ಸುಳ್ಳು ಹೇಳಿದಂತಾಗುತ್ತದೆ. ಅದಕ್ಕಾಗಿ ಒಂದೇ ಒಂದು ಡಬ್ಬವನ್ನು ಹಿಡಿದು ಕೊನೆಯವರೆಗೆ ಹೋಗೋಣ.

ಕೆಳಗಿನ ಪಟ್ಟಿ ಯಾವ ಕಂಪನಿಯದ್ದೂ ಅಲ್ಲ. ಅಮೆರಿಕದ ಅಂಗಡಿಗಳಲ್ಲಿ ಸಿಗುವ, ನೀರು ಬೆರೆಸಿ ಕುದಿಸುವ ಗಟ್ಟಿ ಟೊಮೆಟೊ ಸೂಪಿನ ಡಬ್ಬಗಳಲ್ಲಿ ಸಾಮಾನ್ಯವಾಗಿ ಕಾಣುವ ರೀತಿಯಲ್ಲೇ ನಾನು ಹೊಂದಿಸಿದ್ದೇನೆ. ಕನ್ನಡದಲ್ಲಿ ಬರೆದರೆ ಹೀಗೆ ಬರಬೇಕು:

ಈ ಡಬ್ಬದಲ್ಲಿ ಸುಮಾರು 2.5 ಪಾಲು
ಒಂದು ಪಾಲು ಎಂದರೆ ಅರ್ಧ ಕಪ್ (120 ಮಿ.ಲೀ.) ಗಟ್ಟಿ ಸೂಪ್, ನೀರು ಬೆರೆಸುವ ಮೊದಲು
ಒಂದು ಪಾಲಿನಲ್ಲಿ:
ಕ್ಯಾಲೊರಿ 90
ಒಟ್ಟು ಕೊಬ್ಬು 0 ಗ್ರಾಂ (ದಿನದ ಲೆಕ್ಕದ ಶೇ 0)
ಸೋಡಿಯಂ 480 ಮಿಲಿಗ್ರಾಂ (ದಿನದ ಲೆಕ್ಕದ ಶೇ 21)
ಒಟ್ಟು ಕಾರ್ಬೊಹೈಡ್ರೇಟ್ 20 ಗ್ರಾಂ (ದಿನದ ಲೆಕ್ಕದ ಶೇ 7)
— ಅದರಲ್ಲಿ ನಾರು 1 ಗ್ರಾಂ (ದಿನದ ಲೆಕ್ಕದ ಶೇ 4)
— ಅದರಲ್ಲಿ ಒಟ್ಟು ಸಕ್ಕರೆ 12 ಗ್ರಾಂ
—— ಆ ಸಕ್ಕರೆಯಲ್ಲಿ ಹೊರಗಿನಿಂದ ಸೇರಿಸಿದ್ದು 8 ಗ್ರಾಂ (ದಿನದ ಲೆಕ್ಕದ ಶೇ 16)
ಪ್ರೋಟೀನ್ 2 ಗ್ರಾಂ
ಕಬ್ಬಿಣ 0.7 ಮಿಲಿಗ್ರಾಂ (ದಿನದ ಲೆಕ್ಕದ ಶೇ 4)
ಪೊಟ್ಯಾಸಿಯಂ 280 ಮಿಲಿಗ್ರಾಂ (ದಿನದ ಲೆಕ್ಕದ ಶೇ 6)

ಮೊದಲೆರಡು ಸಾಲುಗಳೇ ಇಡೀ ಪಟ್ಟಿಯ ತಲೆಬಾಗಿಲು. ಹೆಚ್ಚಿನ ಫೋಟೊಗಳಲ್ಲಿ ಕತ್ತರಿಸಿ ಹೋಗುವುದೂ ಅವೇ. ಡಬ್ಬ ದುಂಡಗಿರುತ್ತದೆ, ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬರುವುದಿಲ್ಲ, ಹಾಗಾಗಿ ಅಂಕಿಗಳು ದಟ್ಟವಾಗಿರುವ ನಡುಭಾಗಕ್ಕೆ ಫೋನು ಹಿಡಿಯುತ್ತೇವೆ. ಆ ಸಾಲು ಇಲ್ಲದ ಫೋಟೊ ಬಂದರೆ ಬರೆಯಲೇ ಹೋಗಬಾರದು, ಇನ್ನೊಂದು ಫೋಟೊ ಕೇಳಬೇಕು. ಸೋಡಿಯಂ 480 ಎಂಬುದು ಇಡೀ ಡಬ್ಬದ್ದೋ, ಒಂದು ಬಟ್ಟಲಿನದ್ದೋ, ಎರಡು ಚಮಚದ್ದೋ ಎಂದು ಹೇಳುವ ಜಾಗ ಪಟ್ಟಿಯಲ್ಲಿ ಬೇರೆಲ್ಲೂ ಇಲ್ಲ.

ನಾನು ಇಲ್ಲಿ ‘ಪಾಲು’ ಎಂದು ಬರೆದಿದ್ದೇನೆ. ಕೆಲವರು ಇದನ್ನು ‘ಸೇವಿಸಬೇಕಾದ ಪ್ರಮಾಣ’ ಎಂದು ಬರೆಯುತ್ತಾರೆ. ಅದರಿಂದ ನಿಜವಾದ ಹಾನಿಯಿದೆ, ಏಕೆಂದರೆ ಅದು ಸಲಹೆಯಂತೆ ಕೇಳಿಸುತ್ತದೆ. ಅಮೆರಿಕದಲ್ಲಿ 1990ರ ಕಾನೂನಿನ ನಂತರ, 1994ರಿಂದ ಈ ಪಟ್ಟಿ ಪೊಟ್ಟಣಗಳ ಮೇಲೆ ಕಡ್ಡಾಯವಾಗಿ ಬರತೊಡಗಿತು. ಪಾಲಿನ ಗಾತ್ರವನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ನಿಗದಿ ಮಾಡುವುದು ಜನ ಒಂದು ಸಲಕ್ಕೆ ಸಾಮಾನ್ಯವಾಗಿ ಎಷ್ಟು ತಿನ್ನುತ್ತಾರೆ ಎಂಬುದರ ಮೇಲೆ, ಎಷ್ಟು ತಿಂದರೆ ಒಳ್ಳೆಯದು ಎಂಬುದರ ಮೇಲಲ್ಲ. 2016ರಲ್ಲಿ ನಿಯಮ ಪರಿಷ್ಕರಿಸಿದಾಗ ಐಸ್‌ಕ್ರೀಮಿನ ಪಾಲು ಅರ್ಧ ಕಪ್ಪಿನಿಂದ ಮುಕ್ಕಾಲಿಗೆ ಹತ್ತಿರ, ಅಂದರೆ ಮೂರರಲ್ಲಿ ಎರಡು ಕಪ್ಪಿಗೆ ಏರಿತು. ಜನ ಹೆಚ್ಚು ತಿನ್ನತೊಡಗಿದ್ದರು, ಅದಕ್ಕೆ ಏರಿಸಿದರು, ಅಷ್ಟೇ. ‘ಇಷ್ಟು ತಿನ್ನಿ’ ಎಂದು ಯಾರೂ ಹೇಳಿಲ್ಲ.

ಇನ್ನು ‘ಗಟ್ಟಿ’ ಎಂಬ ಒಂದು ಪದ. ಅದನ್ನು ಬಿಟ್ಟು ‘ಅರ್ಧ ಕಪ್ ಸೂಪ್’ ಎಂದು ಬರೆದರೆ ಏನಾಗುತ್ತದೆ ನೋಡಿ. ಡಬ್ಬದ ಸೂಪಿಗೆ ಅಷ್ಟೇ ನೀರು ಬೆರೆಸಿ ಕುದಿಸಬೇಕು. ಅರ್ಧ ಕಪ್ ಗಟ್ಟಿ ಸೂಪ್ ಒಲೆಯ ಮೇಲೆ ಒಂದು ಕಪ್ ಆಗುತ್ತದೆ. ಅಂದರೆ ಕುಡಿಯುವ ಒಂದು ಕಪ್ಪಿನಲ್ಲಿ ಸೋಡಿಯಂ 480 ಮಿಲಿಗ್ರಾಂ. ‘ಗಟ್ಟಿ’ ಬಿಟ್ಟು ಹೋದರೆ ಅಮ್ಮ ಒಂದು ಕಪ್ಪಿಗೆ 960 ಎಂದು ಲೆಕ್ಕ ಹಾಕಿ ಡಬ್ಬವನ್ನೇ ದೂರ ಇಡಬಹುದು. ಅದಕ್ಕೆ ಪ್ರತಿಯಾಗಿ, ‘ಡಬ್ಬದಲ್ಲಿ ಸುಮಾರು 2.5 ಪಾಲು’ ಎಂಬುದು ಬಿಟ್ಟು ಹೋದರೆ ಡಬ್ಬ ಪೂರ್ತಿ ಕುದಿಸಿ ಕುಡಿದವರು 480 ಎಂದುಕೊಂಡು 1200 ಮಿಲಿಗ್ರಾಂ ಒಳಗೆ ಹಾಕಿಕೊಳ್ಳುತ್ತಾರೆ. ಎರಡನೆಯ ತಪ್ಪು ಹೆಚ್ಚು ಅಪಾಯದ್ದು. ಡಬ್ಬ ಚಿಕ್ಕದು, ಒಬ್ಬರೇ ಮುಗಿಸುವಂಥದ್ದು. ಅದರಲ್ಲಿ ಎರಡೂವರೆ ಪಾಲು ಇದೆ ಎಂದು ಕಣ್ಣಿಗೆ ಅನ್ನಿಸುವುದೇ ಇಲ್ಲ.

ಕಪ್ ಎಂಬ ಅಳತೆಯನ್ನೂ ಬರೀ ಕಪ್ ಎಂದು ಬಿಡಬಾರದು. ಅಮೆರಿಕದ ಈ ಪಟ್ಟಿಗಳಲ್ಲಿ ಕಪ್ ಎಂದರೆ 240 ಮಿಲಿಲೀಟರ್. ನಮ್ಮ ಮನೆಯ ಕಾಫಿ ಲೋಟ ಅದರ ಅರ್ಧವೂ ಇರಬಹುದು, ಇನ್ನಷ್ಟು ಕಡಿಮೆಯೂ ಇರಬಹುದು. ಕಪ್ಪಿನ ಪಕ್ಕದಲ್ಲಿ ಕಂಸದೊಳಗೆ ಮಿಲಿಲೀಟರ್ ಅಥವಾ ಗ್ರಾಂ ಕೊಟ್ಟಿರುತ್ತಾರಲ್ಲ, ಕನ್ನಡಕ್ಕೆ ತರುವಾಗ ಅದನ್ನೇ ನಂಬಬೇಕು, ಅದನ್ನೇ ಮುಂದೆ ಬರೆಯಬೇಕು. ಭಿನ್ನರಾಶಿಗಳಲ್ಲಿ ಇನ್ನೊಂದು ತೊಡಕಿದೆ. ಒಂದೂವರೆ ಕಪ್ ಎಂಬುದನ್ನು ಅಲ್ಲಿ 1 1/2 ಎಂದು ಅಚ್ಚು ಮಾಡುತ್ತಾರೆ. ಮಸುಕಾದ ಫೋಟೊದಲ್ಲಿ ನಡುವಿನ ಜಾಗ ಮಾಯವಾಗಿ ಅದು 11/2 ಆಗುತ್ತದೆ. 2/3 ಎಂಬುದನ್ನು ‘ಎರಡು ಅಥವಾ ಮೂರು ಕಪ್’ ಎಂದು ಓದಿದವರೂ ಇದ್ದಾರೆ. ಒಂದೂವರೆ, ಮೂರರಲ್ಲಿ ಎರಡು ಭಾಗ ಎಂದು ಅಕ್ಷರದಲ್ಲೇ ಬರೆದುಬಿಟ್ಟರೆ ಗೊಂದಲಕ್ಕೆ ಎಡೆಯಿಲ್ಲ.

ಪಾಲು ಎಷ್ಟು ಚಿಕ್ಕದಾಗಬಲ್ಲದು ಎನ್ನುವುದಕ್ಕೆ ದೋಸೆ ಕಾವಲಿಗೆ ಸಿಂಪಡಿಸುವ ಎಣ್ಣೆಯ ಸ್ಪ್ರೇ ಡಬ್ಬ ನೋಡಬೇಕು. ಅಲ್ಲಿ ಒಂದು ಪಾಲು ಎಂದರೆ ಕಾಲು ಸೆಕೆಂಡಿನ ಸಿಂಪಡಣೆ, 0.25 ಗ್ರಾಂ. ಅಮೆರಿಕದ ನಿಯಮದಂತೆ ಒಂದು ಪಾಲಿನಲ್ಲಿ ಕೊಬ್ಬು ಅರ್ಧ ಗ್ರಾಂಗಿಂತ ಕಡಿಮೆ ಇದ್ದರೆ ಸೊನ್ನೆ ಎಂದೂ, ಕ್ಯಾಲೊರಿ 5ಕ್ಕಿಂತ ಕಡಿಮೆ ಇದ್ದರೆ ಸೊನ್ನೆ ಎಂದೂ ಬರೆಯಬಹುದು. ಹೀಗಾಗಿ ಒಳಗಿರುವುದು ಹೆಚ್ಚುಕಡಿಮೆ ಬರೀ ಎಣ್ಣೆಯೇ ಆದರೂ ಪಟ್ಟಿಯಲ್ಲಿ ಕೊಬ್ಬು ಸೊನ್ನೆ, ಕ್ಯಾಲೊರಿ ಸೊನ್ನೆ. ಕಾವಲಿಯ ಮೇಲೆ ಐದು ಸೆಕೆಂಡು ಸಿಂಪಡಿಸಿದರೆ ಇಪ್ಪತ್ತು ಪಾಲು, ಐದು ಗ್ರಾಂ ಎಣ್ಣೆ, ಸುಮಾರು 45 ಕ್ಯಾಲೊರಿ. ‘ಕೊಬ್ಬು ಇಲ್ಲ’ ಎಂದು ಕನ್ನಡದಲ್ಲಿ ಬರೆದವರು ಪಟ್ಟಿಗೆ ನಿಷ್ಠರಾಗಿದ್ದಾರೆ, ಓದುವವರಿಗೆ ಅಲ್ಲ. ‘ಕಾಲು ಸೆಕೆಂಡಿನ ಸಿಂಪಡಣೆಯಲ್ಲಿ ಕೊಬ್ಬು ಅರ್ಧ ಗ್ರಾಂಗಿಂತ ಕಡಿಮೆ’ ಎಂದರೆ ಎರಡೂ ಕಡೆ ಸರಿಹೋಗುತ್ತದೆ. ಟ್ರಾನ್ಸ್ ಕೊಬ್ಬಿನ ಸಾಲಿನ ಸೊನ್ನೆಗೂ ಅಲ್ಲಿ ಇದೇ ಅರ್ಧ ಗ್ರಾಂ ನಿಯಮ.

ಸೂಪಿಗೆ ಮರಳೋಣ, ಬಲಗಡೆಯ ಶೇಕಡಾ ಸಾಲಿಗೆ. ‘ಸೋಡಿಯಂ ಶೇ 21’ ಎಂದಷ್ಟೇ ಕನ್ನಡದಲ್ಲಿ ಬರೆದರೆ ನಮ್ಮವರು ಅರ್ಥ ಮಾಡಿಕೊಳ್ಳುವುದು ಸೂಪಿನ ನೂರು ಭಾಗದಲ್ಲಿ ಇಪ್ಪತ್ತೊಂದು ಭಾಗ ಸೋಡಿಯಂ ಎಂದು. ಹಾಲಿನಲ್ಲಿ ಶೇ 3 ಕೊಬ್ಬು ಎಂಬುದನ್ನು ನಂದಿನಿ ಪೊಟ್ಟಣಗಳ ಮೇಲೆ ನೋಡಿ ರೂಢಿಯಾಗಿರುವವರಿಗೆ ಅದು ಸಹಜ ಓದು. ಆದರೆ ಇಲ್ಲಿನ ಶೇಕಡಾ ಆಹಾರದ್ದಲ್ಲ, ದಿನದ್ದು. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ ಎಂದು ಇಟ್ಟುಕೊಂಡ ಒಂದು ಪ್ರಮಾಣದಲ್ಲಿ ಈ ಪಾಲು ಎಷ್ಟು ಭಾಗವನ್ನು ತುಂಬುತ್ತದೆ ಎಂದು ಅದು ಹೇಳುತ್ತದೆ. ಅಮೆರಿಕದಲ್ಲಿ ಸೋಡಿಯಂಗೆ ಆ ಪ್ರಮಾಣ 2300 ಮಿಲಿಗ್ರಾಂ. 480ನ್ನು 2300ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 20.9, ಅದನ್ನೇ 21 ಮಾಡಿದ್ದಾರೆ.

ಈ ಪ್ರಮಾಣಕ್ಕೆ ಕನ್ನಡದಲ್ಲಿ ‘ದಿನದ ಅಗತ್ಯ’ ಎನ್ನುವುದೂ ಪೂರ್ತಿ ಸರಿಯಲ್ಲ, ‘ದಿನದ ಮಿತಿ’ ಎನ್ನುವುದೂ ಪೂರ್ತಿ ಸರಿಯಲ್ಲ. ನಾರು, ಕಬ್ಬಿಣ, ಕ್ಯಾಲ್ಸಿಯಂಗೆ ಅದು ತಲುಪಬೇಕಾದ ಗುರಿ. ಸೋಡಿಯಂ, ಸ್ಯಾಚುರೇಟೆಡ್ ಕೊಬ್ಬು, ಸೇರಿಸಿದ ಸಕ್ಕರೆಗೆ ದಾಟಬಾರದ ಗೆರೆ. ಹಾಗಾಗಿ ‘ದಿನದ ಲೆಕ್ಕದ ಶೇ 21’ ಎಂದು ಬರೆದು, ಯಾವುದು ಗುರಿ ಯಾವುದು ಗೆರೆ ಎಂದು ಕೆಳಗೆ ಒಂದು ಮಾತು ಸೇರಿಸುವುದು ನನಗೆ ಒಪ್ಪಿಗೆಯಾದ ದಾರಿ. ಒಂದು ಪಾಲಿನಲ್ಲಿ ಶೇ 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ, ಶೇ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚು ಎಂಬುದು ಅಮೆರಿಕದ ಸಂಸ್ಥೆಯೇ ಕೊಡುವ ಸುಲಭ ಅಳತೆಗೋಲು. ಅದರಂತೆ ನಮ್ಮ ಸೂಪಿನ ಒಂದೇ ಕಪ್ಪೂ ಸೋಡಿಯಂನಲ್ಲಿ ‘ಹೆಚ್ಚು’ ಎಂಬ ಸಾಲಿಗೆ ಸೇರುತ್ತದೆ.

ಆ ದಿನದ ಪ್ರಮಾಣ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಪೊಟ್ಟಣಗಳ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಸೋಡಿಯಂ 2000 ಮಿಲಿಗ್ರಾಂ. ಯುರೋಪಿನಲ್ಲಿ ಸೋಡಿಯಂ ಬದಲು ಉಪ್ಪನ್ನೇ ಬರೆಯುತ್ತಾರೆ, ದಿನಕ್ಕೆ 6 ಗ್ರಾಂ ಉಪ್ಪು ಎಂದು ಲೆಕ್ಕ. ನಮ್ಮ ಒಂದು ಕಪ್ ಸೂಪು ಹಾಗಾದರೆ ಅಮೆರಿಕದಲ್ಲಿ ಶೇ 21, ಭಾರತದಲ್ಲಿ ಶೇ 24, ಯುರೋಪಿನಲ್ಲಿ ಶೇ 20. ಸೂಪು ಒಂದೇ, ಉಪ್ಪೂ ಒಂದೇ. ಆದ್ದರಿಂದ ಫೋಟೊದಲ್ಲಿರುವ ಶೇಕಡಾವನ್ನು ಕನ್ನಡಕ್ಕೆ ತರುವವರು ‘ಅಮೆರಿಕದ ಲೆಕ್ಕದಂತೆ’ ಎಂದು ಹೇಳಲೇಬೇಕು. ಭಾರತದ ಲೆಕ್ಕ ಬೇಕೆಂದರೆ ಮಿಲಿಗ್ರಾಂನಿಂದ ಹೊಸದಾಗಿ ಭಾಗಿಸಬೇಕು. ಡಾಕ್ಟರು ಮಿತಿ ಹಾಕಿರುವವರಿಗಂತೂ ಶೇಕಡಾ ಉಪಯೋಗಕ್ಕೇ ಬರುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಪೊಟ್ಯಾಸಿಯಂ ಸಾಲಿನಲ್ಲಿ ಶೇ 6 ಎಂದು ನೋಡಿ ನಿರಾಳವಾಗಬಾರದು. ಆ ಶೇಕಡಾ 4700 ಮಿಲಿಗ್ರಾಂ ಎಂಬ ಆರೋಗ್ಯವಂತರ ಗುರಿಗೆ ಹೋಲಿಸಿದ್ದು. ಅವರ ಡಾಕ್ಟರು ಹೇಳಿರುವ ಅಂಕಿ ಅದಕ್ಕಿಂತ ಎಷ್ಟೋ ಕೆಳಗಿರಬಹುದು. ಅವರಿಗೆ ಬೇಕಾದದ್ದು 280 ಮಿಲಿಗ್ರಾಂ ಎಂಬ ಅಂಕಿ ಮಾತ್ರ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಅಮ್ಮ ಕೇಳಿದ ಪ್ರಶ್ನೆಯಲ್ಲೇ: ಉಪ್ಪು ಎಷ್ಟಿದೆ? ಪಟ್ಟಿಯಲ್ಲಿ ಇರುವುದು ಸೋಡಿಯಂ. ಅದನ್ನು ‘ಉಪ್ಪು 480 ಮಿಲಿಗ್ರಾಂ’ ಎಂದು ಬರೆದರೆ ನಿಜವಾದ ಉಪ್ಪನ್ನು ಅರ್ಧಕ್ಕಿಂತ ಕಡಿಮೆ ಮಾಡಿ ತೋರಿಸಿದಂತೆ. ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಆದದ್ದು. ಅದರ ತೂಕದಲ್ಲಿ ಸೋಡಿಯಂನ ಭಾಗ ಸುಮಾರು ಐದರಲ್ಲಿ ಎರಡು. ಸೋಡಿಯಂನ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. 480 ಮಿಲಿಗ್ರಾಂ ಸೋಡಿಯಂ ಎಂದರೆ 1.2 ಗ್ರಾಂ ಉಪ್ಪು. ಡಬ್ಬ ಪೂರ್ತಿ ಎಂದರೆ 1200 ಮಿಲಿಗ್ರಾಂ ಸೋಡಿಯಂ, 3 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುತ್ತದೆ. ಒಂದು ಡಬ್ಬದಲ್ಲೇ ಅದರ ಐದರಲ್ಲಿ ಮೂರು ಭಾಗ ಮುಗಿಯಿತು. ಬೆಳಗಿನ ಉಪ್ಪಿಟ್ಟು, ರಾತ್ರಿಯ ಸಾರು, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಲಂಡನ್ನಿನಿಂದ ಬಂದ ಫೋಟೊದಲ್ಲಾದರೆ ಇದರ ತಿರುವು ಮುರುವು: ಅಲ್ಲಿ ಉಪ್ಪು ಎಂದೇ ಅಚ್ಚಾಗಿರುತ್ತದೆ, ಡಾಕ್ಟರು ಸೋಡಿಯಂ ಮಿತಿ ಹೇಳಿದ್ದರೆ ಎರಡೂವರೆಯಿಂದ ಭಾಗಿಸಬೇಕು.

ದೊಡ್ಡಮ್ಮನಿಗೆ ಹಾಗಾದರೆ ಬರೆದು ಕಳಿಸಬೇಕಾದದ್ದು ಇಷ್ಟು: ‘ದೊಡ್ಡಮ್ಮ, ನೀರು ಬೆರೆಸಿ ಕುದಿಸಿದ ಮೇಲೆ ಅಲ್ಲಿನ ಒಂದು ಕಪ್ಪಿನಲ್ಲಿ, ಅಂದರೆ 240 ಮಿಲಿಲೀಟರಿನಲ್ಲಿ, 480 ಮಿಲಿಗ್ರಾಂ ಸೋಡಿಯಂ ಇದೆ, ಉಪ್ಪಿನ ಲೆಕ್ಕದಲ್ಲಿ 1.2 ಗ್ರಾಂ. ಡಬ್ಬ ಪೂರ್ತಿ ಮಾಡಿದರೆ ಎರಡೂವರೆ ಕಪ್ ಆಗುತ್ತದೆ, ಉಪ್ಪು 3 ಗ್ರಾಂ. ದೊಡ್ಡಪ್ಪನಿಗೆ ಡಾಕ್ಟರು ದಿನಕ್ಕೆ ಎಷ್ಟು ಹೇಳಿದ್ದಾರೋ ಅದಕ್ಕೆ ಹೋಲಿಸಿ ನೋಡಿ.’ ಕೊಡಬಹುದೋ ಬೇಡವೋ ಎನ್ನುವುದು ಪಟ್ಟಿಯಲ್ಲಿ ಇಲ್ಲದ ಉತ್ತರ, ಅದನ್ನು ಅನುವಾದ ಮಾಡುವವರು ಹೇಳಬಾರದು.

ಅಳತೆಯ ಚಿಹ್ನೆಗಳಲ್ಲಿ ಅತಿ ಸೂಕ್ಷ್ಮವಾದದ್ದು ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ. ಒಂದಕ್ಕಿಂತ ಇನ್ನೊಂದು ಸಾವಿರ ಪಟ್ಟು ಚಿಕ್ಕದು. ವಿಟಮಿನ್ ಡಿ, ಬಿ12, ಫೋಲೇಟ್‌ಗಳನ್ನು ಮೈಕ್ರೋಗ್ರಾಂನಲ್ಲಿ ಬರೆಯುತ್ತಾರೆ. ಅಮೆರಿಕದ ಪಟ್ಟಿಯಲ್ಲಿ ಅದು ಎಂ-ಸಿ-ಜಿ ಎಂಬ ಮೂರು ಅಕ್ಷರ, ಯುರೋಪಿನಲ್ಲಿ ಗ್ರೀಕಿನ ‘ಮ್ಯೂ’ ಅಕ್ಷರದ ಮುಂದೆ ಜಿ. ಆ ಗ್ರೀಕ್ ಅಕ್ಷರ ಮಸುಕಾದರೆ ಎಂ ಎಂದೇ ಕಾಣುತ್ತದೆ. ಕನ್ನಡದಲ್ಲಿ ‘ಮಿ.ಗ್ರಾಂ’, ‘ಮೈ.ಗ್ರಾಂ’ ಎಂದು ಚುಟುಕಾಗಿ ಬರೆದರೆ ನಡುವೆ ಇರುವುದು ಒಂದು ಗುಣಿತಾಕ್ಷರದ ವ್ಯತ್ಯಾಸ ಮಾತ್ರ, ಫೋನಿನ ಪರದೆಯ ಮೇಲೆ ವಯಸ್ಸಾದವರ ಕಣ್ಣಿಗೆ ಅದು ಕಾಣುವುದಿಲ್ಲ. ಈ ಎರಡನ್ನು ಎಂದೂ ಚುಟುಕು ಮಾಡಬೇಡಿ, ಪೂರ್ತಿ ಬರೆಯಿರಿ. ಕ್ಯಾಲೊರಿಯ ವಿಷಯ ಇಷ್ಟು ಅಪಾಯದ್ದಲ್ಲ. ಅಮೆರಿಕದ ಪಟ್ಟಿ ‘ಕ್ಯಾಲೊರಿ’ ಎನ್ನುವುದೂ ಭಾರತದ ಪಟ್ಟಿ ‘ಕಿಲೋಕ್ಯಾಲೊರಿ’ ಎನ್ನುವುದೂ ಒಂದನ್ನೇ, ಸಾವಿರದಿಂದ ಗುಣಿಸುವ ಅಗತ್ಯವಿಲ್ಲ. ಯುರೋಪ್, ಆಸ್ಟ್ರೇಲಿಯಾಗಳ ಪೊಟ್ಟಣದಲ್ಲಿ ಕಿಲೋಜೂಲ್ ಇದ್ದರೆ ಅದನ್ನು 4.2ರಿಂದ ಭಾಗಿಸಿದರೆ ನಮ್ಮ ಕ್ಯಾಲೊರಿ ಸಿಗುತ್ತದೆ.

ಪಟ್ಟಿಯ ಒಳಸರಿದ ಸಾಲುಗಳಿಗೂ ಅರ್ಥವಿದೆ. ಸಕ್ಕರೆಯ ಸಾಲು ಕಾರ್ಬೊಹೈಡ್ರೇಟಿನ ಕೆಳಗೆ ಸ್ವಲ್ಪ ಬಲಕ್ಕೆ ಸರಿದಿರುತ್ತದೆ, ಸೇರಿಸಿದ ಸಕ್ಕರೆ ಇನ್ನೂ ಬಲಕ್ಕೆ. ಎಲ್ಲವನ್ನೂ ಎಡಕ್ಕೆ ಸಮವಾಗಿ ಬರೆದುಬಿಟ್ಟರೆ ಓದುವವರು 20, 12, 8 ಮೂರನ್ನೂ ಕೂಡಿ 40 ಗ್ರಾಂ ಎನ್ನುತ್ತಾರೆ. ಇರುವುದು 20 ಮಾತ್ರ, ಅದರೊಳಗೆ 12, ಆ 12ರೊಳಗೆ 8. ಅದಕ್ಕೇ ನಾನು ಪ್ರತಿ ಸಾಲಿಗೂ ‘ಅದರಲ್ಲಿ’ ಎಂದು ಸೇರಿಸಿದ್ದು. ಸಕ್ಕರೆ ಕಾಯಿಲೆ ಇರುವವರು ಸಕ್ಕರೆಯ ಸಾಲನ್ನಷ್ಟೇ ನೋಡದೆ ಈ ಒಟ್ಟು 20ನ್ನು ನೋಡಬೇಕಾಗುತ್ತದೆ, ಗೋಧಿ-ಜೋಳದ ಪಿಷ್ಟವೂ ರಕ್ತದಲ್ಲಿ ಸಕ್ಕರೆಯೇ ಆಗುವುದರಿಂದ.

ಈಗ ಫೋಟೊದ ಮಾತು. ಇಂಗ್ಲಿಷಿನ ಸಣ್ಣ ಜಿ ಅಕ್ಷರ ಅಚ್ಚಿನಲ್ಲಿ 9ರಂತೆ ಕಾಣುವುದು ಈ ಪಟ್ಟಿಗಳ ಹಳೆಯ ಕಾಟ. ಪ್ರೋಟೀನಿನ ‘2 ಗ್ರಾಂ’ ಮಸುಕಾದ ಚಿತ್ರದಲ್ಲಿ 29 ಆಗುತ್ತದೆ, ಕೊಬ್ಬಿನ ‘0 ಗ್ರಾಂ’ 09 ಆಗುತ್ತದೆ. ದಶಮಾಂಶದ ಚುಕ್ಕಿ ಬೆಳಕಿನ ಹೊಳಪಿನಲ್ಲಿ ಅಳಿಸಿ ಹೋಗುತ್ತದೆ. ಜರ್ಮನಿಯಂಥ ದೇಶಗಳ ಪೊಟ್ಟಣಗಳಲ್ಲಿ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಇರುತ್ತದೆ, 0,5 ಎಂದರೆ ಅರ್ಧ. ಕಣ್ಣನ್ನು ನಂಬಿ ಕುಳಿತರೆ ಇದ್ಯಾವುದೂ ಸಿಕ್ಕುವುದಿಲ್ಲ. ಆದರೆ ಪಟ್ಟಿಯೇ ತನ್ನ ತಪ್ಪನ್ನು ಹಿಡಿದುಕೊಡುತ್ತದೆ, ಕೇಳುವ ರೀತಿ ಗೊತ್ತಿದ್ದರೆ.

ಒಂದು ಪರೀಕ್ಷೆ ಕ್ಯಾಲೊರಿಯದ್ದು. ಒಂದು ಗ್ರಾಂ ಕಾರ್ಬೊಹೈಡ್ರೇಟಿಗೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕ್ಯಾಲೊರಿ. ಸೂಪಿನಲ್ಲಿ 20ನ್ನು 4ರಿಂದ ಗುಣಿಸಿದರೆ 80, ಪ್ರೋಟೀನಿನ 2ಕ್ಕೆ 8, ಒಟ್ಟು 88. ಪಟ್ಟಿಯಲ್ಲಿ 90 ಇದೆ, ದುಂಡು ಮಾಡಿದ್ದಾರೆ, ಸರಿ. ಪ್ರೋಟೀನನ್ನು 29 ಎಂದು ಓದಿದ್ದರೆ ಒಟ್ಟು 196 ಬರುತ್ತಿತ್ತು, ಎಲ್ಲೋ ಕಣ್ಣು ತಪ್ಪಿದೆ ಎಂದು ಕೂಡಲೇ ಗೊತ್ತಾಗುತ್ತಿತ್ತು. ಇನ್ನೊಂದು ಪರೀಕ್ಷೆ ಶೇಕಡಾದ್ದು. ಕಬ್ಬಿಣದ ಸಾಲಿನಲ್ಲಿ 0.7 ಮಿಲಿಗ್ರಾಂ, ಶೇ 4. ಅಮೆರಿಕದಲ್ಲಿ ಕಬ್ಬಿಣದ ದಿನದ ಪ್ರಮಾಣ 18 ಮಿಲಿಗ್ರಾಂ, 0.7 ಅದರ ಶೇ 3.9. ಚುಕ್ಕಿ ಕಾಣದೆ 7 ಎಂದು ಓದಿದ್ದರೆ ಶೇ 39 ಆಗಬೇಕಿತ್ತು, ಪಕ್ಕದಲ್ಲಿ ಇರುವುದು 4. ಸೋಡಿಯಂ 480ರ 4 ಮಸುಕಾಗಿ 180 ಎಂದು ಕಂಡರೆ ಶೇಕಡಾ 8 ಆಗಬೇಕು, ಪಟ್ಟಿ 21 ಎನ್ನುತ್ತಿದೆ. ಹೀಗೆ ಶೇಕಡಾ ಸಾಲು ಓದುಗರಿಗೆ ಎಷ್ಟು ಉಪಯೋಗವೋ ಅದಕ್ಕಿಂತ ಹೆಚ್ಚು ಅನುವಾದ ಮಾಡುವವರಿಗೆ ಉಪಯೋಗ. ಸಕ್ಕರೆಯ ಒಟ್ಟು ಸಾಲಿಗೆ, ಟ್ರಾನ್ಸ್ ಕೊಬ್ಬಿಗೆ, ಹೆಚ್ಚಾಗಿ ಪ್ರೋಟೀನಿಗೂ ಅಲ್ಲಿ ಶೇಕಡಾ ಇರುವುದಿಲ್ಲ. ಅಲ್ಲಿ ಖಾಲಿ ಇದ್ದರೆ ಖಾಲಿಯೇ ಬಿಡಬೇಕು, ಸೊನ್ನೆ ತುಂಬಬಾರದು.

ನಮ್ಮ ಊರಿನ ಅಂಗಡಿಯ ಪೊಟ್ಟಣಗಳಿಗೆ ಬಂದರೆ ಸಮಸ್ಯೆ ಬೇರೆ ರೂಪದ್ದು. ಭಾರತದಲ್ಲಿ 2020ರ ಲೇಬಲ್ ನಿಯಮಗಳ ಪ್ರಕಾರ ಅಂಕಿಗಳನ್ನು 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಕೊಡುತ್ತಾರೆ, ದಿನದ ಶೇಕಡಾವನ್ನು ಮಾತ್ರ ಒಂದು ಪಾಲಿಗೆ ಕೊಡುತ್ತಾರೆ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಅಂಕಿಗಳು ಬೇರೆ ಬೇರೆ ತೂಕದ ತಿಂಡಿಯ ಬಗ್ಗೆ ಹೇಳುತ್ತಿರುತ್ತವೆ. 200 ಗ್ರಾಂ ಖಾರದ ಮಿಕ್ಸ್ಚರ್ ಪೊಟ್ಟಣ ಎಂದಿಟ್ಟುಕೊಳ್ಳಿ. 100 ಗ್ರಾಂಗೆ ಕೊಬ್ಬು 36 ಗ್ರಾಂ, ಸೋಡಿಯಂ 900 ಮಿಲಿಗ್ರಾಂ. ಪಕ್ಕದಲ್ಲಿ ಕೊಬ್ಬಿಗೆ ಶೇ 16, ಸೋಡಿಯಂಗೆ ಶೇ 14. ‘900 ಮಿಲಿಗ್ರಾಂ ಎಂದರೆ ದಿನದ ಶೇ 14’ ಎಂದು ಕನ್ನಡದಲ್ಲಿ ಬರೆದರೆ ಪಟ್ಟಿಯ ಎರಡೂ ಅಂಕಿ ಸರಿಯಾಗಿದ್ದೂ ವಾಕ್ಯ ತಪ್ಪು. ಶೇ 14 ಎಂಬುದು ಒಂದು ಪಾಲಿಗೆ, ಇಲ್ಲಿ 30 ಗ್ರಾಂಗೆ. ಅದರಲ್ಲಿರುವುದು 270 ಮಿಲಿಗ್ರಾಂ, 2000ದಲ್ಲಿ ಶೇ 13.5. ಕೊಬ್ಬಿಗೂ ಅಷ್ಟೇ: 30 ಗ್ರಾಂ ಮಿಕ್ಸ್ಚರಿನಲ್ಲಿ 10.8 ಗ್ರಾಂ ಕೊಬ್ಬು, ಭಾರತದ ಲೆಕ್ಕದ 67 ಗ್ರಾಂನಲ್ಲಿ ಅದು ಶೇ 16.

ಮೂವತ್ತು ಗ್ರಾಂ ಮಿಕ್ಸ್ಚರ್ ಎಂದರೆ ಒಂದು ಹಿಡಿ. ಸಂಜೆ ಕಾಫಿಯ ಜೊತೆ ಗಂಡ-ಹೆಂಡತಿ ಇಬ್ಬರೇ ಆ ಪೊಟ್ಟಣ ಮುಗಿಸಿದರೆ ತಲಾ 100 ಗ್ರಾಂ: ದಿನದ ಲೆಕ್ಕದಲ್ಲಿ ಸೋಡಿಯಂ ಶೇ 45, ಕೊಬ್ಬು ಶೇ 54. ಶೇ 14, ಶೇ 16 ಎಂದು ಅಚ್ಚಾಗಿದ್ದನ್ನು ಓದಿ ಧೈರ್ಯವಾಗಿ ತಿಂದವರು ನಂಬಿದ್ದು ಸುಳ್ಳಂಕಿಯನ್ನಲ್ಲ, ತಮ್ಮದಲ್ಲದ ಪಾಲಿನ ಅಂಕಿಯನ್ನು. ಪೊಟ್ಟಣದ ಫೋಟೊವನ್ನು ಕನ್ನಡಕ್ಕೆ ತರುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: 100 ಗ್ರಾಂನ ಅಂಕಿಗಳನ್ನು ಒಂದು ಕಡೆ, ಪಾಲಿನ ಶೇಕಡಾಗಳನ್ನು ಇನ್ನೊಂದು ಕಡೆ, ನಡುವೆ ‘ಒಂದು ಪಾಲು 30 ಗ್ರಾಂ, ಪೊಟ್ಟಣದಲ್ಲಿ ಸುಮಾರು 7 ಪಾಲು’ ಎಂಬ ಸಾಲು. ಆ ನಡುವಿನ ಸಾಲು ಕೆಲವು ಪೊಟ್ಟಣಗಳಲ್ಲಿ ಪಟ್ಟಿಯ ಒಳಗೆ ಇರುವುದೇ ಇಲ್ಲ, ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ನಕ್ಷತ್ರ ಚಿಹ್ನೆಯ ಪಕ್ಕ ಇರುತ್ತದೆ. ಫೋಟೊ ತೆಗೆಯುವವರು ಅಲ್ಲಿಯವರೆಗೂ ಫೋನು ಇಳಿಸಬೇಕು.

ಇದೆಲ್ಲ ಮನೆಯವರು ಮಾಡಿಕೊಳ್ಳಬೇಕಾದ ಕೆಲಸ ಆಗಿರಬೇಕಿರಲಿಲ್ಲ. ನಮ್ಮ ದೇಶದ ನಿಯಮದಂತೆ ಪೊಟ್ಟಣದ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಅದರ ಜೊತೆಗೆ ಬೇರೆ ಭಾಷೆಯಲ್ಲೂ ಹಾಕಲು ಅಡ್ಡಿಯಿಲ್ಲ. ಕನ್ನಡದಲ್ಲಿ ಜಾಹೀರಾತು ಕೊಟ್ಟು, ಮುಂಬದಿಯಲ್ಲಿ ಕನ್ನಡದ ಹೆಸರು ಹಾಕಿ, ಕರ್ನಾಟಕದ ಹಳ್ಳಿ ಹಳ್ಳಿಗೂ ತಿಂಡಿ ಮಾರುವ ಕಂಪನಿಗಳು ಹಿಂಬದಿಯ ಈ ಹತ್ತು ಸಾಲನ್ನೂ ಕನ್ನಡದಲ್ಲಿ ಅಚ್ಚು ಮಾಡಲಿ, ಪಾಲಿನ ತೂಕವನ್ನು ಪಟ್ಟಿಯ ತಲೆಯಲ್ಲೇ ದಪ್ಪಕ್ಷರದಲ್ಲಿ ಹಾಕಲಿ. ಅದಕ್ಕೆ ಕಾನೂನು ಬದಲಾಗಬೇಕಿಲ್ಲ, ಮನಸ್ಸು ಮಾಡಿದರೆ ಮುಂದಿನ ಕಂತಿನ ಪೊಟ್ಟಣದಲ್ಲೇ ಮಾಡಬಹುದು.